ಐನೂರ ಹದಿಮೂರು ರೂಪಾಯಿ ಐವತ್ತೊಂದು ನಯಾಪೈಸೆ

ದಾವಣಗೆರೆಯ ಮಂಡಿಪೇಟೆಯಲ್ಲಿ ಲೆಕ್ಕ ಬರೆಯುವ ಗುಮಾಸ್ತರಿಗೇನೂ ಬರವಿರಲಿಲ್ಲ. ಆದರೆ ಬರೆದ ಸಾಲನ್ನು ಜನ್ಮದಲ್ಲಿ ಒಮ್ಮೆಯೂ ಹೊಡೆದುಹಾಕದವನು ತಾನೊಬ್ಬನೇ ಎಂದು ಮುರುಗೇಶಪ್ಪ ನಂಬಿದ್ದ. ನಂಬಿ ಸುಮ್ಮನಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಕೇಳಿದವರಿಗೂ ಹೇಳುತ್ತಿದ್ದ, ಕೇಳದವರನ್ನು ತಡೆದು ನಿಲ್ಲಿಸಿಯೂ ಹೇಳುತ್ತಿದ್ದ. ಬಕ್ಕೇಶಪ್ಪನವರ ಎಣ್ಣೆ ಮಿಲ್ಲಿನ ಲೆಕ್ಕಕ್ಕೆ ಕೂತು ಇಪ್ಪತ್ತಾರು ವರ್ಷವಾಗಿತ್ತು. ಅಷ್ಟು ವರ್ಷಗಳ ಖಾತೆ ಪುಸ್ತಕಗಳಲ್ಲಿ ಒಂದು ಚಿತ್ತುಕಾಟು ತೋರಿಸಿದವರಿಗೆ ಒಂದು ತಿಂಗಳ ಸಂಬಳ ಕೊಡುತ್ತೇನೆ ಎಂದು ಅವನ ಸವಾಲು. ಎಂಬತ್ತೈದು ರೂಪಾಯಿಗೋಸ್ಕರ ಇಪ್ಪತ್ತಾರು ಪುಸ್ತಕ ತಿರುವಿ ಹಾಕುವಷ್ಟು ಬಿಡುವು ಪೇಟೆಯಲ್ಲಿ ಯಾರಿಗಿತ್ತು? ಹಾಗಾಗಿ ಸವಾಲು ಸೋಲಿಲ್ಲದೆ ನಡೆದುಕೊಂಡು ಬಂದಿತ್ತು.

ಅಂಗಡಿಯಲ್ಲಿ ಅವನ ಮೇಜಿನ ಹತ್ತಿರ ಒದ್ದೆ ಕೈಯವರು ಸುಳಿಯುವಂತಿರಲಿಲ್ಲ. ಚಹದ ಲೋಟವನ್ನು ಅವನು ಎದ್ದು ಹೋಗಿ ಬಾಗಿಲ ಬಳಿ ನಿಂತೇ ಕುಡಿಯುತ್ತಿದ್ದ. ಅಂಕಿ ಬರೆಯುವಾಗ ಮಾತಾಡುತ್ತಿರಲಿಲ್ಲ, ಕೂಡಿಸುವಾಗ ಉಸಿರೂ ಬಿಡುತ್ತಿರಲಿಲ್ಲ ಎಂದು ಹಮಾಲರು ಆಡಿಕೊಳ್ಳುತ್ತಿದ್ದರು. ಮನೆಗೆ ಹೋದರೂ ಈ ಚಾಳಿ ಬಿಡದೆ ಉಪ್ಪು, ಮೆಣಸಿನಕಾಯಿಯ ಲೆಕ್ಕ ಕೇಳುತ್ತಿದ್ದ. ಹೆಂಡತಿ ಗುರುಶಾಂತಮ್ಮ ಬಾಯಿ ಇದ್ದ ಹೆಂಗಸು. "ನಿಮ್ಮ ಅಂಗಡಿ ಖಾತೇಲಿ ತಪ್ಪಿಲ್ಲ, ಒಪ್ಪಿದೆ. ನನ್ನ ಖಾತೆ ಒಂಚೂರು ತೆಗೀರಿ. ಮದುವ್ಯಾದ ವರ್ಷ ಇಳಕಲ್ ಸೀರೆ ತರ್ತೀನಿ ಅಂದಿದ್ರಿ, ಅದು ಯಾವ ಪುಟದಾಗ ಐತೆ?" ಎಂದು ಕೇಳಿದರೆ ಮುರುಗೇಶಪ್ಪನಿಗೆ ತಟ್ಟನೆ ಅಂಗಡಿಯ ಕೆಲಸ ನೆನಪಾಗುತ್ತಿತ್ತು.

ಇಂಥ ಮನುಷ್ಯನ ಮೇಲೆ ಐವತ್ತೆಂಟನೇ ಇಸವಿಯ ಜನವರಿಯಲ್ಲಿ ಹರಿಹರದಿಂದ ಒಂದು ಲಕೋಟೆ ಬಂದು ಬಿತ್ತು.

ಹರಿಹರದ ವಾಮದೇವಪ್ಪನವರದು ಮಿಲ್ಲಿನ ಸಾಮಾನಿನ ಅಂಗಡಿ. ಇಂಜಿನ್ನಿಗೆ ಬೇಕಾದ, ಚಕ್ರ ತಿರುಗಿಸುವ ಪಟ್ಟಾ, ಬೇರಿಂಗು, ರಾಟೆ, ನಟ್ಟು, ಬೋಲ್ಟು ಎಲ್ಲವನ್ನೂ ಬಕ್ಕೇಶಪ್ಪನವರು ಅಲ್ಲಿಂದಲೇ ಉದ್ದರಿ ತರಿಸುತ್ತಿದ್ದರು. ಲಕೋಟೆಯಲ್ಲಿ ಏಪ್ರಿಲ್‌ನಿಂದ ಡಿಸೆಂಬರ್ ಮೂವತ್ತೊಂದರವರೆಗಿನ ಖಾತೆ ಉತಾರೆ ಇತ್ತು. ಯಾವ ದಿನ ಯಾವ ಬಿಲ್ಲು, ಯಾವ ದಿನ ಎಷ್ಟು ಹಣ ಬಂತು, ಕೊನೆಗೆ ನಿಮ್ಮಿಂದ ಬರಬೇಕಾದ ಬಾಕಿ ಎಷ್ಟು ಎಂಬ ಪಟ್ಟಿ, ಅದೂ ಟೈಪು ಮಾಡಿದ್ದು. ಜೊತೆಗೆ ಅವರ ಗುಮಾಸ್ತ ಕುಬೇರಪ್ಪನ ಕೈಬರಹದ ಚೀಟಿ: ಬಾಕಿ ಒಪ್ಪಿ ಸಹಿ ಹಾಕಿ ಕಳಿಸಬೇಕು, ಅಲ್ಲಿಯತನಕ ಹೊಸ ಮಾಲು ಕೊಡಲು ಯಜಮಾನರ ಅಪ್ಪಣೆ ಇಲ್ಲ.

ಬಕ್ಕೇಶಪ್ಪನವರಿಗೆ ತಲೆ ಬಿಸಿಯಾಯಿತು. ಶೇಂಗಾ ಸುಗ್ಗಿ ಜೋರಾಗಿತ್ತು, ಮಿಲ್ಲಿನ ಒಂದು ಬೇರಿಂಗು ಎರಡು ದಿನದಿಂದ ಕಿರುಚುತ್ತಿತ್ತು.

"ಏನಪ ಮುರುಗೇಶಪ್ಪ ಇದು? ಅವರು ಸಾವಿರದ ಇನ್ನೂರ ಐವತ್ತೊಂಬತ್ತು ರೂಪಾಯಿ ಎಂಬತ್ತೆಂಟು ನಯಾಪೈಸೆ ಅಂತಾರೆ. ನಮ್ಮ ಖಾತೇಲಿ ಎಷ್ಟೈತೆ?"

ಮುರುಗೇಶಪ್ಪ ಪುಟ ತೆಗೆದು ನೋಡಿದ. "ಏಳ್ನೂರ ನಲವತ್ತಾರು ಮೂವತ್ತೇಳು."

"ಅಂದ್ರ ಐನೂರು ಚಿಲ್ಲರೆ ಫರಕು?"

"ಐನೂರ ಹದಿಮೂರು ಐವತ್ತೊಂದು ಫರಕು, ನಮ್ಮಲ್ಲಲ್ಲ, ಅವರಲ್ಲಿ!"

"ನೋಡದೆ ಹೆಂಗೆ ಹೇಳ್ತೀಯೋ ಮಾರಾಯ?"

ಇಷ್ಟು ಸಾಕಾಯಿತು. ಮುರುಗೇಶಪ್ಪ ಎದ್ದು ನಿಂತ. ಅಂಗಡಿಯಲ್ಲಿ ಆಗ ನಾಲ್ಕು ಜನ ಹಮಾಲರು, ಒಬ್ಬ ದಲ್ಲಾಳಿ, ಎಣ್ಣೆ ಡಬ್ಬಿ ಹಿಡಿದ ಇಬ್ಬರು ಗಿರಾಕಿಗಳು ಇದ್ದರು. ಅಷ್ಟೂ ಜನರ ಎದುರು ಅವನು ತನ್ನ ಲೇಖನಿಯನ್ನು ಮೇಲಕ್ಕೆತ್ತಿ, "ನನ್ನ ಪುಸ್ತಕದಾಗ ಒಂದೇ ಒಂದು ಸಾಲು ತಪ್ಪು ಸಿಕ್ರೂ ಆ ದಿನದಿಂದ ನಾನು ಇದನ್ನ ಮುಟ್ಟಂಗಿಲ್ಲ. ಗುರುವಿನ ಆಣೆ!" ಎಂದುಬಿಟ್ಟ.

ಸಿಟ್ಟಿನಲ್ಲಿ ಕುಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಲೇಖನಿ ಬಿಟ್ಟರೆ ಮುರುಗೇಶಪ್ಪನಿಗೆ ಬೇರೆ ಏನೂ ಬರುತ್ತಿರಲಿಲ್ಲ. ಹೊಲವಿಲ್ಲ, ಅಂಗಡಿಯಿಲ್ಲ, ತಕ್ಕಡಿ ಹಿಡಿದರೆ ಕೈ ನಡುಗುತ್ತದೆ. ಆದರೆ ಮಾತು ಹಮಾಲರ ಕಿವಿಗೆ ಬಿದ್ದಾಗಿತ್ತು. ಮೂಟೆಯ ಜೊತೆ ಅದನ್ನೂ ಹೊತ್ತುಕೊಂಡು ಹೋಗಿ ಸಂಜೆಯೊಳಗೆ ಪೇಟೆಯ ಪ್ರತಿ ಅಂಗಡಿಯಲ್ಲೂ ಇಳಿಸಿದರು. ಮನೆಗೆ ಹೋಗುವಷ್ಟರಲ್ಲಿ ಗುರುಶಾಂತಮ್ಮನಿಗೂ ತಿಳಿದಿತ್ತು. "ಲೇಖನಿ ಬಿಟ್ಟು ಏನು ಹಿಡೀತೀರಿ? ಸೌಟು ಹಿಡಿಯೋದಾದ್ರ ಈಗಲೇ ಹೇಳ್ರಿ, ನಾನು ತವರಿಗೆ ಹೋಗಿ ಬರ್ತೀನಿ" ಎಂದಳು. ನಕ್ಕೇ ಹೇಳಿದಳು, ಆದರೆ ಆ ರಾತ್ರಿ ಊಟಕ್ಕೆ ಬಡಿಸುವಾಗ ಅವಳ ಮುಖದಲ್ಲಿ ಗಾಬರಿ ಇತ್ತು.

ಎರಡು ದಿನ ಬಿಟ್ಟು ಮುರುಗೇಶಪ್ಪ ಖಾತೆ ಪುಸ್ತಕ, ರಸೀತಿ ಚೀಟಿಗಳ ಕಟ್ಟು ಎರಡನ್ನೂ ಬಟ್ಟೆಯಲ್ಲಿ ಸುತ್ತಿಕೊಂಡು ಬೆಳಗಿನ ರೈಲು ಹತ್ತಿದ. ಡಬ್ಬಿಯಲ್ಲಿ ಒಂದೇ ಜಾಗ ಖಾಲಿ ಇತ್ತು. ಅಲ್ಲಿ ಪುಸ್ತಕವನ್ನು ಕೂರಿಸಿ ತಾನು ಹರಿಹರದವರೆಗೆ ನಿಂತೇ ಹೋದ.

ವಾಮದೇವಪ್ಪನವರ ಅಂಗಡಿಯಲ್ಲಿ ಕುಬೇರಪ್ಪ ಕಾಯುತ್ತಿದ್ದ. ಹೆಸರು ಕುಬೇರಪ್ಪ, ಸಂಬಳ ಎಪ್ಪತ್ತು. ಅವನ ನಿಜವಾದ ಆಸ್ತಿ ಅವನ ಮೀಸೆ. ಎರಡೂ ತುದಿಗೆ ಎಣ್ಣೆ ಹಚ್ಚಿ ಮೇಲಕ್ಕೆ ತಿರುವಿದ ಆ ಮೀಸೆಯ ಆರೈಕೆಗೆ ದಿನಾ ಅರ್ಧ ತಾಸು ಹೋಗುತ್ತಿತ್ತಂತೆ. ಮಂಡಿಪೇಟೆಯ ಶಪಥದ ಸುದ್ದಿ ರೈಲಿಗಿಂತ ಮೊದಲೇ ಹರಿಹರ ಮುಟ್ಟಿತ್ತು.

"ನೀವು ಲೇಖನಿ ಪಣಕ್ಕಿಟ್ಟೀರಂತೆ?" ಎಂದ ಕುಬೇರಪ್ಪ.

"ಹೌದು. ನಿಮ್ಮದೇನು?"

ಕುಬೇರಪ್ಪ ಮೀಸೆ ತೀಡಿದ. "ನನ್ನ ಪುಸ್ತಕದಾಗ ಒಂದು ತಪ್ಪು ತೋರಿಸ್ರಿ, ಇದನ್ನ ತೆಗೆಸಿಬಿಡ್ತೀನಿ."

ಗಾದಿಯ ಮೇಲೆ ಕೂತಿದ್ದ ವಾಮದೇವಪ್ಪನವರು, "ನಿಮ್ಮ ಮೀಸೆ, ಲೇಖನಿ ಕಟ್ಟಿಕೊಂಡು ನಂಗೇನಾಗ್ಬೇಕು? ನನ್ನ ರೊಕ್ಕ ಎಷ್ಟು ಅಂತ ಹೇಳ್ರಪ್ಪ" ಎಂದರು.

ಇಬ್ಬರೂ ಎದುರು ಬದುರು ಕೂತರು. ಒಂದೇ ವ್ಯವಹಾರ ಎರಡು ಪುಸ್ತಕದಲ್ಲಿ ಎರಡು ಮುಖ ಮಾಡಿಕೊಂಡಿರುತ್ತದೆ. ಮಾರಿದವರು ಬಿಲ್ಲನ್ನು ಕೊಂಡವರ ಹೆಸರಿಗೆ ಖರ್ಚು ಬರೆಯುತ್ತಾರೆ, ಕೊಂಡವರು ಅದೇ ಬಿಲ್ಲನ್ನು ಮಾರಿದವರ ಹೆಸರಿಗೆ ಜಮಾ ಬರೆಯುತ್ತಾರೆ. ಹಣ ಕೊಟ್ಟಾಗ ಅದು ತಿರುವುಮುರುವು. ಹಾಗಾಗಿ ಅವರ ಖರ್ಚಿನ ಪ್ರತಿ ಸಾಲಿಗೂ ನಮ್ಮ ಜಮಾದಲ್ಲಿ, ಅವರ ಜಮಾದ ಪ್ರತಿ ಸಾಲಿಗೂ ನಮ್ಮ ಖರ್ಚಿನಲ್ಲಿ ಒಂದು ಜೋಡಿ ಸಿಗಬೇಕು. ಕುಬೇರಪ್ಪ ತಾರೀಖು, ಬಿಲ್ಲಿನ ನಂಬರು, ಮೊತ್ತ ಓದುತ್ತಿದ್ದ. ಮುರುಗೇಶಪ್ಪ ತನ್ನ ಪುಟದಲ್ಲಿ ಹುಡುಕಿ "ಐತೆ" ಎನ್ನುತ್ತಿದ್ದ. ಆಗ ಇಬ್ಬರೂ ಕೆಂಪು ಪೆನ್ಸಿಲಿನಿಂದ ಆ ಸಾಲಿನ ಮುಂದೆ ಒಂದೊಂದು ಗೀಟು ಹಾಕುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ನಲವತ್ತು ಸಾಲು ಮುಗಿದಿತ್ತು. ಗೀಟು ಬೀಳದೆ ಉಳಿದವು ಐದೇ: ಹರಿಹರದ ಉತಾರೆಯಲ್ಲಿ ಎರಡು, ದಾವಣಗೆರೆಯ ಖಾತೆಯಲ್ಲಿ ಮೂರು.

ಮೊದಲನೆಯದು ನೂರೈವತ್ತು ರೂಪಾಯಿಯ ಚೆಕ್ಕು. ಮುರುಗೇಶಪ್ಪ ಡಿಸೆಂಬರ್ ಮೂವತ್ತಕ್ಕೆ ಬರೆದು ಟಪಾಲಿಗೆ ಹಾಕಿದ್ದ. ಕುಬೇರಪ್ಪನಿಗೆ ಅದು ಮುಟ್ಟಿದ್ದು ಜನವರಿ ಎರಡಕ್ಕೆ. ಹೊಸ ತಿಂಗಳ ಪುಟದಲ್ಲಿ ಅದು ಜಮಾ ಆಗಿ ಕೂತಿತ್ತು.

"ಇದು ಯಾರ ತಪ್ಪೂ ಅಲ್ಲ, ಅಂಚೆಯವನದು" ಎಂದ ಕುಬೇರಪ್ಪ.

"ಒಪ್ಪಿದೆ. ಅವನಿಗೆ ಮೀಸೆಯೂ ಇಲ್ಲ" ಎಂದ ಮುರುಗೇಶಪ್ಪ.

ಎರಡನೆಯದು ಮೂವತ್ತೈದು ರೂಪಾಯಿ. ಸೀಳು ಬಿಟ್ಟಿದ್ದ ಒಂದು ರಾಟೆಯನ್ನು ಮಿಲ್ಲಿನವರು ನವೆಂಬರಿನಲ್ಲಿ ವಾಪಸು ಕಳಿಸಿದ್ದರು. ಮುರುಗೇಶಪ್ಪ ಅಂದೇ ಅದನ್ನು ಬಾಕಿಯಿಂದ ಕಳೆದಿದ್ದ. ಕುಬೇರಪ್ಪ, "ವಾಪಸು ಬಂದ ಮಾಲು ಕಣ್ಣಿಗೆ ಕಾಣದೆ ನಾನು ಕ್ರೆಡಿಟ್ ನೋಟು ಬರೆಯಂಗಿಲ್ಲ. ಎಲ್ಲೈತೆ ರಾಟೆ?" ಎಂದು ಗಟ್ಟಿಯಾಗಿ ಕೇಳಿದ. ಮುರುಗೇಶಪ್ಪ ಸುತ್ತ ನೋಡಿದ. ಅಂಗಡಿಯ ಬಾಗಿಲು ಗಾಳಿಗೆ ಬಡಿಯದಂತೆ ಒಂದು ಭಾರದ ವಸ್ತುವನ್ನು ಅಡ್ಡ ಇಟ್ಟಿದ್ದರು. ಅದರ ಮೇಲೆ ಬಕ್ಕೇಶಪ್ಪನವರ ಮಿಲ್ಲಿನ ಹೆಸರು ಬಿಳಿ ಬಣ್ಣದಲ್ಲಿ ಇನ್ನೂ ಓದುವಂತಿತ್ತು. "ಎರಡು ತಿಂಗಳಿಂದ ನಿಮ್ಮ ಬಾಗಿಲು ಕಾಯ್ತಾ ಐತೆ, ಪಗಾರ ಬೇಕಾದ್ರೂ ಕೊಡಬಹುದು" ಎಂದ. ವಾಮದೇವಪ್ಪನವರು ಗುಮಾಸ್ತನ ಕಡೆ ಒಂದು ನೋಟ ಬಿಟ್ಟರು. ಕುಬೇರಪ್ಪ ಕ್ರೆಡಿಟ್ ನೋಟು ಬರೆದ. ತಪ್ಪಲ್ಲ, ತಡ ಅಷ್ಟೆ ಎಂದು ಅವನ ವಾದ.

ಮೂರನೆಯದು ಒಂದು ನಯಾಪೈಸೆ, ಏಪ್ರಿಲ್ ಒಂದರ ಹಳೇ ಬಾಕಿಯಲ್ಲಿ. ಆ ದಿನ ಸರ್ಕಾರ ಆಣೆ ತೆಗೆದು ನಯಾಪೈಸೆ ತಂದಿತ್ತು. ಹಳೆಯ ಎರಡು ಬಿಲ್ಲುಗಳ ಹಣ ಉಳಿದಿತ್ತು: ನೂರ ನಲವತ್ತು ರೂಪಾಯಿ ಮೂರಾಣೆ, ಇನ್ನೂರ ಎಪ್ಪತ್ತೆರಡು ರೂಪಾಯಿ ಮೂರಾಣೆ. ಕುಬೇರಪ್ಪ ಎರಡನ್ನೂ ಬೇರೆ ಬೇರೆ ಬದಲಿಸಿದ್ದ. ಮೂರಾಣೆಗೆ ಹತ್ತೊಂಬತ್ತು ನಯಾಪೈಸೆ, ಎರಡು ಸಲ ಹತ್ತೊಂಬತ್ತು ಅಂದರೆ ಮೂವತ್ತೆಂಟು. ಮುರುಗೇಶಪ್ಪ ಮೊದಲು ಕೂಡಿಸಿ ಆಮೇಲೆ ಬದಲಿಸಿದ್ದ. ಆರಾಣೆಗೆ ಸರ್ಕಾರದ ಕೋಷ್ಟಕದಲ್ಲಿ ಮೂವತ್ತೇಳೇ ಇರುವುದು. ಇಬ್ಬರ ಹತ್ತಿರವೂ ಅದೇ ಕೋಷ್ಟಕ, ಇಬ್ಬರೂ ಸರಿ. ಆದರೂ ಅರ್ಧ ತಾಸು ಜಗಳವಾಯಿತು. ಪಕ್ಕದ ಅಂಗಡಿಯವರು ಎದ್ದು ಬಂದು ನೋಡಿದರು. ಕೊನೆಗೆ ವಾಮದೇವಪ್ಪನವರು ಜೇಬಿನಿಂದ ಥಳಥಳ ಹೊಳೆಯುವ ಒಂದು ನಯಾಪೈಸೆ ತೆಗೆದು ಮೇಜಿನ ಮೇಲೆ ಕುಕ್ಕಿ, "ಬಿಟ್ಟುಕೊಟ್ಟೀನಿ, ಬರ್ಕೊಳ್ರೋ. ಇಬ್ಬರೂ ಕೂಡಿ ನನ್ನ ಅರ್ಧ ದಿನ ತಿಂದ್ರಿ" ಎಂದರು.

ನಾಲ್ಕನೆಯದು ಇನ್ನೂರು ರೂಪಾಯಿ. ಅಲ್ಲಿಗೆ ಮೀಸೆಯ ಗ್ರಹಚಾರ ಸುರುವಾಯಿತು. ಆಗಸ್ಟಿನಲ್ಲಿ ಕೊಟ್ಟ ನಗದು ಅದು. ಮುರುಗೇಶಪ್ಪ ಕಟ್ಟು ಬಿಚ್ಚಿ ರಸೀತಿ ಇಟ್ಟ. ಕುಬೇರಪ್ಪನದೇ ಸಹಿ. ಕುಬೇರಪ್ಪ ಅವಸರದಿಂದ ಪುಟ ತಿರುವಿದ, ಮತ್ತೆ ತಿರುವಿದ, ಆಮೇಲೆ ಒಂದು ಪುಟದಲ್ಲಿ ನಿಂತುಬಿಟ್ಟ. ಮಾಯಕೊಂಡದಲ್ಲಿ ಅವರಿಗೆ ಇನ್ನೊಬ್ಬ ಬಕ್ಕೇಶಪ್ಪ ಗಿರಾಕಿ ಇದ್ದ. ಅವನ ಖಾತೆಯಲ್ಲಿ ಅದೇ ತಾರೀಖಿಗೆ ಇನ್ನೂರು ರೂಪಾಯಿ ಜಮಾ ಆಗಿತ್ತು.

"ಆ ಮಾಯಕೊಂಡದೋನು ಯಾಕ ಬಾಯಿ ಬಿಡಲಿಲ್ಲ?" ಎಂದರು ವಾಮದೇವಪ್ಪನವರು.

"ಕೊಡದ ರೊಕ್ಕ ಜಮಾ ಆದ್ರ ಯಾವನು ಬಾಯಿ ಬಿಡ್ತಾನ್ರಿ?" ಎಂದ ಮುರುಗೇಶಪ್ಪ. ಅವನಿಗೆ ನಗು ತಡೆಯಲಾಗಲಿಲ್ಲ. ಕುಬೇರಪ್ಪನ ಕೈ ತಾನಾಗಿಯೇ ಮೇಲ್ದುಟಿಗೆ ಹೋಯಿತು.

ಉಳಿದದ್ದು ನೂರ ಇಪ್ಪತ್ತೆಂಟು ರೂಪಾಯಿ ಐವತ್ತು ನಯಾಪೈಸೆ. ಅಕ್ಟೋಬರ್ ಇಪ್ಪತ್ತೆರಡರ ಬಿಲ್ಲು, ಆರಿಂಚಿನ ಪಟ್ಟಾ.

"ಈ ಬಿಲ್ಲು ನಮಗೆ ಬಂದೇ ಇಲ್ಲ. ಇಪ್ಪತ್ತೆರಡನೇ ತಾರೀಖು ನಮ್ಮ ದಿನದ ಕಿರ್ದಿಯಲ್ಲಿ ಒಂದು ಸಾಲೂ ಇಲ್ಲ" ಎಂದ ಮುರುಗೇಶಪ್ಪ. ಕುಬೇರಪ್ಪ ಮಾಲು ಮುಟ್ಟಿಸಿದ ಚೀಟಿಯ ಪುಸ್ತಕ ತಂದ. ಪ್ರತಿ ಚೀಟಿಯ ಕೆಳಗೂ ಮಾಲು ತೆಗೆದುಕೊಂಡವರ ಸಹಿ ಇತ್ತು. ಇದೊಂದರಲ್ಲಿ ಮಾತ್ರ ಸಹಿಯ ಜಾಗ ಬೋಳು.

"ಸಹಿ ಎಲ್ಲಿ?"

"ಗಾಡಿಯವನು ಕೊಟ್ಟು ಬಂದೆ ಅಂದಿದ್ದ…"

"ಗಾಡಿಯವನು ನೂರು ಅಂತಾನೆ. ಸಹಿ ಎಲ್ಲಿ ಅಂದೆ!"

ಕುಬೇರಪ್ಪ ಇನ್ನೂರು ರೂಪಾಯಿಯ ಹೊಡೆತಕ್ಕೆ ಆಗಲೇ ಅರ್ಧವಾಗಿದ್ದ. ವಾಮದೇವಪ್ಪನವರಿಗೂ ತಾಳ್ಮೆ ತಪ್ಪಿತ್ತು. ಒಂದು ತಪ್ಪು ಮಾಡಿದವನು ಎರಡನೆಯದನ್ನೂ ಮಾಡಿರುತ್ತಾನೆ ಎಂಬುದು ಲೋಕದ ನ್ಯಾಯ. "ಆ ಬಿಲ್ಲು ಹೊಡೆದುಹಾಕು. ಸರಿಯಾದ ಉತಾರೆ ಟೈಪು ಮಾಡ್ಕೊಂಡು ನಾಳೆ ನೀನೇ ಅವರ ಅಂಗಡಿಗೆ ಹೋಗಿ ತಪ್ಪಾಯ್ತು ಅಂತ ಹೇಳಿ ಕೊಟ್ಟು ಬಾ" ಎಂದರು. ಕಳೆಯಬೇಕಾದದ್ದೆಲ್ಲ ಕಳೆದಾಗ ಹರಿಹರದ ಬಾಕಿ ಏಳ್ನೂರ ನಲವತ್ತಾರು ಮೂವತ್ತೇಳಕ್ಕೆ ಬಂದು ನಿಂತಿತು. ಮುರುಗೇಶಪ್ಪನ ಅಂಕಿ, ಒಂದು ಪೈಸೆ ಹೆಚ್ಚಿಲ್ಲ, ಕಡಿಮೆ ಇಲ್ಲ. ಸಂಜೆಯ ರೈಲಿನಲ್ಲಿ ಅವನು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಬಂದ. ಮನೆಯಲ್ಲಿ ಹೆಂಡತಿಗೆ ಎರಡು ಸಲ ಕಥೆ ಹೇಳಿದ. ಮೂರನೇ ಸಲ ಸುರು ಮಾಡಿದಾಗ ಅವಳಿಗೆ ನಿದ್ದೆ ಬಂದಿತ್ತು.

ಮರುದಿನ ಬೆಳಿಗ್ಗೆ ಆವರಗೆರೆ ದಾರಿಯಲ್ಲಿದ್ದ ಮಿಲ್ಲಿಗೆ ಹೋದ. ಹೊಸ ಬೇರಿಂಗು ಬರುತ್ತದೆ ಎಂದು ಮೇಸ್ತ್ರಿ ಕಲ್ಲಪ್ಪನಿಗೆ ಹೇಳುವುದು ಒಂದು ನೆಪ. ಗೆದ್ದದ್ದನ್ನು ಹೇಳಿಕೊಳ್ಳುವುದು ನಿಜವಾದ ಕೆಲಸ.

ಕಲ್ಲಪ್ಪ ಎಲ್ಲವನ್ನೂ ಕೇಳಿ ತಲೆಯಾಡಿಸಿದ. "ಬೇರಿಂಗು ಲಗೂನ ತರಿಸ್ರಿ. ಏನೇ ಅನ್ರಿ, ಹರಿಹರದೋರ ಪಟ್ಟಾ ಮಾತ್ರ ಭೇಷ್ ಐತೆ. ನೋಡ್ರಿ, ಇಷ್ಟು ದಿನ ಆದ್ರೂ ಒಂದು ಎಳೆ ಬಿಟ್ಟಿಲ್ಲ."

ಮುರುಗೇಶಪ್ಪ ತಿರುಗುತ್ತಿದ್ದ ಪಟ್ಟಾದ ಹತ್ತಿರ ಹೋಗಿ ಬಗ್ಗಿ ನೋಡಿದ. "ಎಷ್ಟು ಇಂಚಿಂದು ಅದು?"

"ಆರಿಂಚು. ಮರೆತ್ರೇನು? ಲಕ್ಷ್ಮೀ ಪೂಜೆ ದಿನ ಬಂದಿತ್ತಲ್ರಿ. ಅಂಗಡಿಯಾಗ ನೀವೇ ಕುಂಕುಮ ಹಚ್ಚಿ, ನೀವೇ ಕಾಯಿ ಒಡೆದು ನನ್ನ ಹೆಗಲಿಗೆ ಹಾಕಿದ್ರಿ."

ಮುರುಗೇಶಪ್ಪ ಅಲ್ಲಿಂದ ಹೊರಬಿದ್ದ. ಪಂಚೆ ಎತ್ತಿ ಕಟ್ಟಿ ಮಂಡಿಪೇಟೆಯವರೆಗೆ ಓಡುನಡಿಗೆಯಲ್ಲಿ ಬಂದು, ಅಂಗಡಿಯ ಅಟ್ಟ ಹತ್ತಿ, ಹಳೇ ಪುಸ್ತಕಗಳನ್ನು ಕಟ್ಟಿಟ್ಟಿದ್ದ ಕೆಂಪು ಬಟ್ಟೆಯ ಗಂಟು ಬಿಚ್ಚಿದ. ದೀಪಾವಳಿ ಅಮಾವಾಸ್ಯೆಗೆ ಅವರ ಅಂಗಡಿಯಲ್ಲಿ ಹಳೇ ಖಾತೆ, ನಡೆಯುತ್ತಿರುವ ಖಾತೆ ಎಲ್ಲಕ್ಕೂ ಪೂಜೆ. ಅಂದು ಪುಸ್ತಕ, ಲೇಖನಿ ಎಲ್ಲ ಲಕ್ಷ್ಮಿಯ ಮುಂದೆ. ಪಾಡ್ಯದ ಮುಹೂರ್ತದವರೆಗೆ ಯಾರೂ ಬರೆಯುವಂತಿಲ್ಲ. ಗಂಟಿನಲ್ಲಿ ಒಣಗಿದ ಚೆಂಡು ಹೂವಿನ ಎಸಳುಗಳಿದ್ದವು, ಒಂದು ವೀಳ್ಯದೆಲೆ ಇತ್ತು, ಅದರ ಕೆಳಗೆ ಅರಿಸಿನ ಕುಂಕುಮ ಮೆತ್ತಿದ ಹರಿಹರದ ಬಿಲ್ಲು ಇತ್ತು. ನೂರ ಇಪ್ಪತ್ತೆಂಟು ಐವತ್ತು.

ಈಗ ಎಲ್ಲ ಒಂದೊಂದಾಗಿ ನೆನಪಿಗೆ ಬಂತು. ಗಾಡಿಯವನು ಚೀಟಿ ಹಿಡಿದು ಸಹಿ ಕೇಳಿದ್ದ. "ಲೇಖನಿ ಪೂಜೆಗೆ ಇಟ್ಟೈತೆ, ಇವತ್ತು ಮುಟ್ಟಂಗಿಲ್ಲ, ಫಳಾರ ತಗಂಡು ಹೋಗು" ಎಂದು ಕಳಿಸಿದವನು ತಾನೇ. ಹಬ್ಬದ ದಿನ ಬಂದ ಬಿಲ್ಲು ಶುಭ, ಪಾಡ್ಯದ ದಿನ ಬರೆದರಾಯಿತು ಎಂದು ಅದನ್ನು ತಾಯಿಯ ಪಾದದಲ್ಲಿ ಇಟ್ಟವನೂ ತಾನೇ. ಪೂಜೆ ಮುಗಿದ ಮೇಲೆ ಹೂವಿನ ಜೊತೆ ಬಿಲ್ಲೂ ಹಳೇ ಪುಸ್ತಕದ ಗಂಟು ಸೇರಿತ್ತು. ಇಪ್ಪತ್ತೆರಡನೇ ತಾರೀಖು ಕಿರ್ದಿಯಲ್ಲಿ ಒಂದು ಸಾಲೂ ಇಲ್ಲ ಎಂದು ಹರಿಹರದಲ್ಲಿ ಎದೆ ತಟ್ಟಿದ್ದನಲ್ಲ, ಅಂದು ಯಾಕಿಲ್ಲ ಎಂದು ಪುಣ್ಯಾತ್ಮ ಒಂದು ಗಳಿಗೆ ಯೋಚಿಸಬಾರದಿತ್ತೆ? ಜಗಳದ ಹೊತ್ತಿನಲ್ಲಿ ಪಂಚಾಂಗ ಯಾರಿಗೆ ನೆನಪಾಗುತ್ತದೆ.

ಬಿಲ್ಲನ್ನು ಮಡಿಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಕೆಳಗಿಳಿದ. ಯಾರಿಗೂ ಗೊತ್ತಿಲ್ಲ. ಹರಿಹರದವರು ತಾವಾಗಿಯೇ ಹೊಡೆದುಹಾಕಿದ್ದಾರೆ. ವಾಮದೇವಪ್ಪನವರು ಉಳ್ಳವರು, ನೂರ ಇಪ್ಪತ್ತೆಂಟು ರೂಪಾಯಿಗೆ ಬೀದಿಗೆ ಬರುವುದಿಲ್ಲ. ತಾನು ಲೇಖನಿ ಬಿಟ್ಟರೆ ತಾನು ಮಾತ್ರ ಬೀದಿಗೆ ಬರುತ್ತೇನೆ. ಹೀಗೆಲ್ಲ ತನ್ನಷ್ಟಕ್ಕೆ ಕೂಡಿಸಿ ಕಳೆಯುತ್ತ ಕೂತ. ಎಷ್ಟು ಸಲ ಕೂಡಿಸಿದರೂ ಮೊತ್ತ ತಾಳೆಯಾಗಲಿಲ್ಲ. ಅವನಿಗೆ ನಾಚಿಕೆಯಾಗುತ್ತಿತ್ತು, ಭಯವೂ ಆಗುತ್ತಿತ್ತು.

ಹನ್ನೊಂದು ಗಂಟೆಗೆ ಒಬ್ಬ ಅಪರಿಚಿತ ಬಂದು ಬಾಗಿಲಲ್ಲಿ ನಿಂತು ನಮಸ್ಕಾರ ಮಾಡಿದ. ಬಕ್ಕೇಶಪ್ಪನವರು "ಏನು ಬೇಕಿತ್ರಿ?" ಎಂದು ಕೇಳಿದರು. ಮಾತು ಬಂದ ಮೇಲೆಯೇ ಗುರುತು ಹತ್ತಿದ್ದು. ಕುಬೇರಪ್ಪ! ಮೀಸೆ ಇಲ್ಲದ ಆ ಮುಖ ಬಾಗಿಲು ಕಿತ್ತ ಮನೆಯಂತೆ ಕಾಣುತ್ತಿತ್ತು. ಬಿಸಿಲು ಕಾಣದೆ ಬೆಳ್ಳಗಿದ್ದ ಮೇಲ್ದುಟಿಯನ್ನು ಅವನು ಟವೆಲಿನಿಂದ ಮತ್ತೆ ಮತ್ತೆ ಮುಚ್ಚಿಕೊಳ್ಳುತ್ತಿದ್ದ. ಹಮಾಲರು ಮೂಟೆಗಳ ಹಿಂದೆ ಹೋಗಿ ನಕ್ಕರು. ಬಕ್ಕೇಶಪ್ಪನವರು ಎದುರಿಗೇ ನಕ್ಕರು.

"ಕೂಡ್ರಿ, ಕೂಡ್ರಿ. ಮಾತಿಗೆ ತಪ್ಪಲಿಲ್ಲ ಬಿಡ್ರಿ ನೀವು."

"ಮಾತು ಅಂದ್ರ ಮಾತ್ರಿ" ಎಂದು ಕುಬೇರಪ್ಪ ಹೊಸ ಉತಾರೆ ಮೇಜಿನ ಮೇಲಿಟ್ಟ. "ನನ್ನಿಂದ ತಪ್ಪಾಗೈತೆ. ಇನ್ನೂರು ರೂಪಾಯಿದು ನಂದೇ. ಪಟ್ಟಾದ್ದು ಹೆಂಗಾತೋ ಈಗಲೂ ತಿಳೀವಲ್ದು. ಮಾಲು ಅಂಗಡಿಯಾಗೂ ಇಲ್ಲ, ಚೀಟಿಗೆ ಸಹೀನೂ ಇಲ್ಲ ಅಂದ್ರ ನಾನೇ ಯಾರಿಗೋ ಕೊಟ್ಟು ಕಳೆದೀನಿ ಅಂತಾರೆ ಯಜಮಾನ್ರು. ತಿಂಗಳಿಗೆ ಹತ್ತು ರೂಪಾಯಿ ನನ್ನ ಪಗಾರದಾಗ ಹಿಡೀತಾರೆ. ಹೋಗ್ಲಿ ಬಿಡ್ರಿ. ಬಾಕಿ ಒಪ್ಪಿ ಸಹಿ ಹಾಕಿಕೊಡ್ರಿ."

ಎಪ್ಪತ್ತರಲ್ಲಿ ಹತ್ತು, ಒಂದು ವರ್ಷಕ್ಕೂ ಮೇಲೆ. ಮುರುಗೇಶಪ್ಪನಿಗೆ ಆ ಲೆಕ್ಕ ಮಾಡಲು ಪುಸ್ತಕ ಬೇಕಾಗಲಿಲ್ಲ.

ಬಕ್ಕೇಶಪ್ಪನವರು ಸಹಿಗೆ ಕೈ ಚಾಚಿದರು. ಮುರುಗೇಶಪ್ಪ ಅವರ ಕೈ ಹಿಡಿದುಕೊಂಡ. ಇಪ್ಪತ್ತಾರು ವರ್ಷದಲ್ಲಿ ಅವನು ಯಜಮಾನರನ್ನು ಮುಟ್ಟಿದ್ದೇ ಇಲ್ಲ. ಇನ್ನೊಂದು ಕೈಯಿಂದ ಜೇಬಿನ ಬಿಲ್ಲು ತೆಗೆದು ಉತಾರೆಯ ಮೇಲೆ ಇಟ್ಟ. ಅರಿಸಿನದ ಪುಡಿ ಬಿಳಿ ಹಾಳೆಯ ಮೇಲೆ ಉದುರಿತು.

"ಪಟ್ಟಾ ನಮ್ಮ ಮಿಲ್ಲಿನಾಗ ತಿರುಗ್ತಾ ಐತೆ. ಬಿಲ್ಲು ಪೂಜೆಗೆ ಇಟ್ಟು ನಾನೇ ಮರೆತೀನಿ. ಸಹಿ ಹಾಕದೆ ಗಾಡಿಯವನ್ನ ಕಳಿಸಿದೋನೂ ನಾನೇ. ಇವರ ತಪ್ಪಲ್ಲ, ನಂದು."

ಮೂಟೆಗಳ ಹಿಂದಿನ ನಗು ನಿಂತಿತು. ಮುರುಗೇಶಪ್ಪ ಲೇಖನಿಯನ್ನು ಒರೆಸಿ, ಮುಚ್ಚಳ ಹಾಕಿ, ಯಜಮಾನರ ಮುಂದೆ ಇಟ್ಟು ಎದ್ದು ನಿಂತ. ಅವನ ಕಣ್ಣಲ್ಲಿ ನೀರು ಬಂದಿತ್ತು. ಅದನ್ನು ಮುಚ್ಚಿಡುವ ಶಕ್ತಿಯೂ ಅವನಿಗೆ ಉಳಿದಿರಲಿಲ್ಲ.

"ಏನಿದು?" ಎಂದರು ಬಕ್ಕೇಶಪ್ಪನವರು.

"ಆಣೆ ಮಾಡೀನಿ ಯಜಮಾನ್ರೆ. ಇವರು ನಡೆಸಿಕೊಟ್ರು. ನಾನೂ ನಡೆಸಬೇಕು."

"ಮತ್ತೆ ಈ ಬಿಲ್ಲು ಯಾರು ಬರೀಬೇಕು? ನಾನೇನು?"

ಬಕ್ಕೇಶಪ್ಪನವರ ಅಕ್ಷರ ಅವರಿಗೇ ಓದಲು ಬರುತ್ತಿರಲಿಲ್ಲ. ಕುಬೇರಪ್ಪ ಬಿಲ್ಲನ್ನು ಎತ್ತಿ ಹಿಂದೆ ಮುಂದೆ ನೋಡಿದ. ಅವನಿಗೆ ಸಿಟ್ಟು ಬರಬೇಕಿತ್ತು, ನಿನ್ನೆ ಎಷ್ಟು ಮಾತು ಕೇಳಿದ್ದ! ಆದರೆ ತಾನು ಕಳ್ಳನೂ ಅಲ್ಲ, ಮರುಳನೂ ಅಲ್ಲ ಎಂಬುದಕ್ಕೆ ಸಾಕ್ಷಿ ಕೈಯಲ್ಲಿತ್ತು. ಆ ಸಮಾಧಾನವೇ ಅವನಿಗೆ ಸಾಕಾಗಿತ್ತು. ಟವೆಲು ಹೆಗಲಿಗೆ ಹಾಕಿ ಲೇಖನಿಯನ್ನು ತೆಗೆದು ಮುರುಗೇಶಪ್ಪನ ಕೈಗೆ ಕೊಟ್ಟ.

"ತಗಳ್ರಿ. ನನ್ನ ಮೀಸೆ ಯುಗಾದಿಗೆ ಮತ್ತ ಬರತೈತೆ. ನೀವು ಇದನ್ನ ಬಿಟ್ರ ಮತ್ತ ಬರಂಗಿಲ್ಲ. ಇನ್ನೊಬ್ಬರ ಪಗಾರ ಉಳಿಸಾಕ ತಪ್ಪು ಒಪ್ಪಿದೋನು ಬರೀದೆ ಇನ್ಯಾವನು ಬರೀಬೇಕು? ಹಾಂ, ಬರೀರಿ."

ಗುರುವಿನ ಆಣೆ ದೊಡ್ಡದು ನಿಜ. ಆದರೆ ಒಬ್ಬನ ಅನ್ನ ಕಿತ್ತುಕೊಂಡು ಕೂರು ಎಂದು ಯಾವ ಗುರುವೂ ಹೇಳಿಲ್ಲ ಎಂದು ಬಕ್ಕೇಶಪ್ಪನವರು ತೀರ್ಪು ಕೊಟ್ಟರು. ಮಠಕ್ಕೆ ಹೋಗಿ ತಪ್ಪುಕಾಣಿಕೆ ಹಾಕಿ ಬಾ, ಈಗ ಕೂತು ಬರೆ ಎಂದರು.

ಮುರುಗೇಶಪ್ಪ ಕೂತ. ಹರಿಹರದವರ ಖಾತೆಯಲ್ಲಿ ಜಮಾದ ಕಡೆ ನೂರ ಇಪ್ಪತ್ತೆಂಟು ಐವತ್ತು ಬರೆದ. ಪಕ್ಕದಲ್ಲಿ, "ಅಕ್ಟೋಬರ್ 22ರ ಪಟ್ಟಾದ ಬಿಲ್ಲು. ಬರೆಯದೆ ಬಿಟ್ಟಿದ್ದು ಮುರುಗೇಶಪ್ಪನ ತಪ್ಪು" ಎಂದು ಬರೆದ. ಶಾಯಿಯ ಒಂದು ಹನಿ ಅಗಲವಾಗಿ ಬಿತ್ತು.

"ಖಾತೇಲಿ ನಿನ್ನ ಹೆಸರು ಯಾಕ ಬರಿಯೋದು? ಬ್ಯಾಡ ಬಿಡೋ" ಎಂದರು ಬಕ್ಕೇಶಪ್ಪನವರು.

"ಇರ್ಲಿ ಯಜಮಾನ್ರೆ. ಯಾರ ತಪ್ಪೋ ಅವರ ಹೆಸರಿಗೆ ಬರೀದಿದ್ರ ಅದು ಇನ್ನೊಬ್ಬರ ಖಾತೇಲಿ ಹೋಗಿ ಕೂಡ್ರತೈತೆ."

ಕೂಡಿಸಿದಾಗ ಎಂಟುನೂರ ಎಪ್ಪತ್ನಾಲ್ಕು ರೂಪಾಯಿ ಎಂಬತ್ತೇಳು ನಯಾಪೈಸೆ ಬಂತು. ಕುಬೇರಪ್ಪ ಹೊಡೆದುಹಾಕಿದ್ದ ಬಿಲ್ಲನ್ನು ತನ್ನ ಉತಾರೆಗೆ ಮತ್ತೆ ಸೇರಿಸಿ ಕೂಡಿಸಿದ. ಅಲ್ಲಿಯೂ ಅಷ್ಟೇ ಬಂತು. ಅವನು ಜೇಬಿನಿಂದ ಕೆಂಪು ಪೆನ್ಸಿಲು ತೆಗೆದು, ಮುರುಗೇಶಪ್ಪನ ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು, ಶಾಯಿ ಇನ್ನೂ ಒಣಗದ ಆ ಸಾಲಿನ ಮುಂದೆ ಗೀಟು ಹಾಕಿದ.